ಶಾಲೆಗೆ ಹೊರಡುವ ಹೊತ್ತಿನ ಹೊಟ್ಟೆನೋವು: ಇಂಗ್ಲೆಂಡಿಗೆ ಹೊಸದಾಗಿ ಬಂದ ಪಾಲಕರಿಗೆ

ಸೆಪ್ಟೆಂಬರಿನಲ್ಲಿ ಶಾಲೆ ಸೇರಿದ ನಮ್ಮ ಏಳು ವರ್ಷದ ಮಗ ತಿಂಗಳು ಕಳೆಯುವಷ್ಟರಲ್ಲಿ, ತಿಂಡಿ ಮುಗಿದು ಬೂಟು ಹಾಕುವ ಹೊತ್ತಿಗೆ ಸರಿಯಾಗಿ ಹೊಕ್ಕುಳ ಸುತ್ತ ನೋವೆಂದು ಮುದುಡಿ ಕುಳಿತುಬಿಡುತ್ತಿದ್ದ. ಮನೆಯಲ್ಲೇ ಉಳಿಸಿಕೊಂಡರೆ ಹತ್ತು ಗಂಟೆಗೆ ನೋವು ಇಲ್ಲ, ಶನಿವಾರ ಭಾನುವಾರವಂತೂ ಇಲ್ಲವೇ ಇಲ್ಲ. ಇದು ನಾಟಕವೆಂದು ನಾವು ಗದರಿದೆವು. ಊರಿನಿಂದ ಅತ್ತೆಯವರು ದೃಷ್ಟಿ ತೆಗೆಯಲು ಹೇಳಿದರು, ಓಮದ ನೀರೂ ಆಯಿತು. ನೋವು ನಿಜವಾದದ್ದೆಂದು ತಿಳಿಯಲು ನಮಗೆ ಎರಡು ತಿಂಗಳು ಬೇಕಾಯಿತು.

ತಂಬಿಗೆ ಇಲ್ಲದ ಕಕ್ಕಸು

ಮೂಲ ಕಾರಣ ನಮ್ಮ ಕಣ್ಣೆದುರಿಗೇ ಇತ್ತು. ನೀರಿನಿಂದ ತೊಳೆದುಕೊಂಡೇ ಅಭ್ಯಾಸವಾದ ಮಗುವಿಗೆ ಇಲ್ಲಿನ ಶಾಲೆಯ ಶೌಚಾಲಯದಲ್ಲಿ ಕಾಗದ ಮಾತ್ರ ಸಿಗುತ್ತದೆ, ಬಾಗಿಲಿನ ಕೆಳಗೆ ಸಂದು ಇರುತ್ತದೆ, ಹೋಗಬೇಕೆಂದರೆ ತರಗತಿಯ ನಡುವೆ ಕೈಯೆತ್ತಿ ಇಂಗ್ಲಿಷಿನಲ್ಲಿ ಕೇಳಬೇಕಾಗುತ್ತದೆ. ಆದ್ದರಿಂದ ಅವನು ಸಂಜೆಯವರೆಗೂ ತಡೆದುಕೊಳ್ಳುತ್ತಿದ್ದ. ತಡೆದ ಮಲದ ನೀರನ್ನು ಕರುಳು ಹೀರುತ್ತಲೇ ಇರುವುದರಿಂದ ಅದು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಹೊರಬರುವಾಗ ನೋಯುತ್ತದೆ, ನೋವಿಗೆ ಹೆದರಿ ಮಗು ಇನ್ನಷ್ಟು ತಡೆಯುತ್ತದೆ. ಹೀಗೆ ಮಲಬದ್ಧತೆ ಬೇರೂರುತ್ತದೆ. ತಿಂಡಿ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವುದು ಸಹಜವಾದರೂ, ತುಂಬಿದ ಕರುಳಿನಲ್ಲಿ ಆ ಚಲನೆಯೇ ನುಲಿತವಾಗುತ್ತದೆ. ಬೆಳಗಿನ ನೋವಿನಲ್ಲಿ ಅದರ ಪಾಲು ದೊಡ್ಡದು.

‘ದಿನಾ ಹೋಗುತ್ತಾನಲ್ಲ’ ಎಂಬ ಸಮಾಧಾನವನ್ನು ನಂಬಬೇಡಿ. ನಮ್ಮ ಮಗನಿಗೂ ದಿನವೂ ಆಡಿನ ಹಿಕ್ಕೆಯಷ್ಟು ಹೋಗುತ್ತಿತ್ತು, ಮತ್ತು ಚಡ್ಡಿಯಲ್ಲಿ ತೆಳ್ಳನೆಯ ಕಲೆ ಇರುತ್ತಿತ್ತು. ಗಟ್ಟಿಮಲದ ಪಕ್ಕದಿಂದ ಅವನಿಗೆ ತಿಳಿಯದೆಯೇ ಸೋರಿದ ಆ ದ್ರವಕ್ಕಾಗಿ ನಾನು ಅವನನ್ನು ಬೈದಿದ್ದೆನೆಂಬುದು ಇಂದಿಗೂ ನನಗೆ ನೋವಿನ ಸಂಗತಿ.

ಔಷಧಿ

ಊರಿನಿಂದ ತಂದ ಹರಳೆಣ್ಣೆಯನ್ನು ಕುಡಿಸದೆ ಜಿಪಿ ವೈದ್ಯರನ್ನು ಕಾಣಿರಿ. ಮಲ ಹೋಗುವ ದಿನ, ಅದರ ಆಕಾರ, ನೋವಿನ ಹೊತ್ತು ಇವನ್ನು ಎರಡು ವಾರ ಬರೆದಿಟ್ಟುಕೊಂಡು ಹೋದರೆ ಹತ್ತು ನಿಮಿಷದ ಭೇಟಿ ಸಾರ್ಥಕವಾಗುತ್ತದೆ. ನಮ್ಮ ವೈದ್ಯರು ಹೊಟ್ಟೆಯ ಎಡಭಾಗವನ್ನು ಒತ್ತಿ ನೋಡಿದಾಗಲೇ ಗಡ್ಡೆಯಂತೆ ಮಲ ಕೈಗೆ ಸಿಕ್ಕಿತು, ಎಕ್ಸ್‌ರೇ ಬೇಕಾಗಲಿಲ್ಲ.

ಅವರು ಬರೆದುಕೊಟ್ಟದ್ದು ನೀರಿನಲ್ಲಿ ಕಲಸಿ ಕುಡಿಯುವ ಮ್ಯಾಕ್ರೊಗಾಲ್ ಪುಡಿ. ಅದು ಕರುಳಿನೊಳಗೆ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಾಗಿಸುತ್ತದೆ. ಕಟ್ಟಿಕೊಂಡದ್ದನ್ನು ಕರಗಿಸಲು ಮಕ್ಕಳ ಪೊಟ್ಟಣ ಮೊದಲ ದಿನ 4, ಮರುದಿನ 6, ಹೀಗೆ ಏರಿಸುತ್ತಾ ಹೋಗಬೇಕಾಯಿತು. ಇದು ನಮ್ಮ ಮಗನ ವಯಸ್ಸಿಗೆ ವೈದ್ಯರು ಹೇಳಿದ ಲೆಕ್ಕ, ನೀವಾಗಿಯೇ ಆರಂಭಿಸುವಂಥದ್ದಲ್ಲ. ಆ ದಿನಗಳಲ್ಲಿ ಬಟ್ಟೆ ಕೆಡುವುದು ಖಚಿತವಾದ್ದರಿಂದ, ಸಾಧ್ಯವಾದರೆ ಅರ್ಧಾವಧಿಯ ರಜೆಯ ವಾರವನ್ನು ಅದಕ್ಕೆ ಮೀಸಲಿಡಿ.

ಇಲ್ಲಿ ಎಲ್ಲರೂ ತಪ್ಪುತ್ತಾರೆ, ನಾವೂ ತಪ್ಪಿದೆವು. ಮಲ ಸರಾಗವಾಯಿತೆಂದು ಡಿಸೆಂಬರಿನಲ್ಲಿ ಪುಡಿ ನಿಲ್ಲಿಸಿದೆವು. ಜನವರಿಯಲ್ಲಿ ಎಲ್ಲವೂ ಮೊದಲಿನಂತಾಯಿತು. ಹಿಗ್ಗಿದ ಕರುಳು ತನ್ನ ಬಿಗಿಯನ್ನೂ ಸೂಚನೆ ಗ್ರಹಿಸುವ ಶಕ್ತಿಯನ್ನೂ ಮರಳಿ ಪಡೆಯಲು ತಿಂಗಳುಗಳೇ ಹಿಡಿಯುತ್ತವೆ. ಎರಡನೆಯ ಬಾರಿ ಕಡಿಮೆ ಪ್ರಮಾಣದಲ್ಲಿ ಎಂಟು ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸಿದೆವು. ಜೊತೆಗೆ ತಿಂಡಿಯನ್ನು ಅರ್ಧ ಗಂಟೆ ಮುಂಚೆ ಕೊಟ್ಟು, ಕಾಲಡಿಗೆ ಮಣೆಯಿಟ್ಟು ಐದು ನಿಮಿಷ ಕೂರಿಸುತ್ತಿದ್ದೆವು.

ಆಹಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ನೀರು, ಸೊಪ್ಪು, ಹಣ್ಣು, ರಾಗಿ ಇರಲಿ, ಹಾಲಿನ ಲೋಟಗಳು ಕಡಿಮೆಯಾಗಲಿ. ನಮ್ಮ ರಾಗಿಯ ಮೇಲೆ ನನಗೂ ಅಭಿಮಾನವಿದೆ, ಆದರೆ ಒಮ್ಮೆ ಕಟ್ಟಿಕೊಂಡ ಮಲವನ್ನು ಅದೊಂದೇ ಕರಗಿಸಲಾರದು.

ಉಳಿದ ನೋವು

ಕರುಳು ಖಾಲಿಯಾದ ಮೇಲೂ ಸೋಮವಾರಗಳಲ್ಲಿ ನೋವು ಬರುತ್ತಿತ್ತು. ರೋಗವಿಲ್ಲದೆಯೂ ಕರುಳಿನ ನರಗಳು ಸೂಕ್ಷ್ಮವಾಗಿ, ಸಾಮಾನ್ಯ ಚಲನೆಯೇ ನೋವಾಗಿ ಮಗುವಿಗೆ ತಿಳಿಯುತ್ತದೆ, ಆತಂಕ ಅದನ್ನು ಹೆಚ್ಚಿಸುತ್ತದೆ ಎಂದು ವೈದ್ಯರು ವಿವರಿಸಿದರು. ‘ಏನೂ ಇಲ್ಲ’ ಎಂದು ಮಗುವಿಗೆ ಹೇಳಬೇಡಿ. ‘ನೋವಿದೆ, ಅಪಾಯವಿಲ್ಲ, ಹೋಗೋಣ’ ಎನ್ನಿರಿ. ದಿನಾ ಬೆಳಿಗ್ಗೆ ‘ನೋಯುತ್ತಿದೆಯೇ’ ಎಂದು ನೀವಾಗಿ ಕೇಳುವುದನ್ನು ನಿಲ್ಲಿಸಿರಿ. ಮನೆಯಲ್ಲಿ ಉಳಿಸಿಕೊಂಡ ಪ್ರತಿ ದಿನವೂ ಮರುದಿನದ ಭಯವನ್ನು ಹೆಚ್ಚಿಸುತ್ತದೆ. ಆದರೆ ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ, ಊಟದ ಕೋಣೆಯಲ್ಲಿ ಒಂಟಿಯಾಗಿದ್ದಾನೆಯೇ ಎಂದು ವಿಚಾರಿಸದೆ ಸುಮ್ಮನೆ ತಳ್ಳಬಾರದು.

ತರಗತಿಯ ಶಿಕ್ಷಕಿಯ ಬಳಿ ಸಂಕೋಚಪಡದೆ ಮಾತನಾಡಿದೆವು. ಅವರು ಒಂದು ಚಿಕ್ಕ ಕಾರ್ಡ್ ಕೊಟ್ಟರು. ಮೇಜಿನ ಮೇಲಿಟ್ಟರೆ ಸಾಕು, ಕೇಳದೆಯೇ ಹೋಗಬಹುದು. ತೊಳೆದುಕೊಳ್ಳಲು ಚೀಲದಲ್ಲಿ ಒಂದು ಸಣ್ಣ ಬಾಟಲಿ ಇಡಲೂ ಒಪ್ಪಿದರು.

ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು

- ನಿದ್ದೆಯಿಂದ ಎಬ್ಬಿಸುವ ನೋವು
- ತೂಕ ಇಳಿಯುವುದು, ಬೆಳವಣಿಗೆ ಕುಂಠಿತವಾಗುವುದು
- ಮಲದಲ್ಲಿ ರಕ್ತ, ಬಿಡದ ಭೇದಿ ಅಥವಾ ಜ್ವರ
- ಮೂತ್ರ ಮಾಡುವಾಗ ಉರಿ

ಹಸಿರು ವಾಂತಿ, ಹೊಟ್ಟೆಯ ಬಲ ಕೆಳಭಾಗಕ್ಕೆ ಸರಿದು ಹೆಚ್ಚುತ್ತಲೇ ಹೋಗುವ ನೋವು, ಗಟ್ಟಿಯಾಗಿ ಉಬ್ಬಿದ ಹೊಟ್ಟೆ, ಹುಡುಗರಲ್ಲಿ ವೃಷಣದ ನೋವು ಕಂಡರೆ ಜಿಪಿ ಭೇಟಿಯ ದಿನಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿರಿ. ಸಂದೇಹವಿದ್ದರೆ ರಾತ್ರಿಯಲ್ಲೂ ಇಲ್ಲಿನ ವೈದ್ಯಕೀಯ ಸಲಹೆಯ ದೂರವಾಣಿ 111ಕ್ಕೆ ಕರೆ ಮಾಡಬಹುದು.