ಕಾಯಿಲೆ ರಜೆಗೆ ಇಎಸ್‌ಐ ದುಡ್ಡು: ಮೊದಲ ದಿನವೇ ಚೀಟಿ ಮಾಡಿಸಿ

ನಮ್ಮ ಗಿಣಿಗೇರಿ ಕಡೆಯ ಫ್ಯಾಕ್ಟರಿ ಗೆಳೆಯರೇ, ಇಎಸ್‌ಐ ಅಂದ್ರೆ ಬರೀ ಔಷಧಿ ಅಲ್ಲ. ಔಷಧಿ, ಚಿಕಿತ್ಸೆ ಕೆಲಸಕ್ಕೆ ಸೇರಿದ ದಿನದಿಂದಲೇ ಸಿಗುತ್ತೆ. ರಜೆಯ ದುಡ್ಡಿಗೆ ಮಾತ್ರ 78 ದಿನದ ವಂತಿಗೆ ಬೇಕು.

ಫೆಬ್ರವರಿಯಲ್ಲಿ ಟೈಫಾಯ್ಡ್ ಬಂತು ಅನ್ನಿ. ಆಗ ಈ 78 ದಿನಕ್ಕೆ ನೋಡೋದು ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕ. ದಿನಕ್ಕೆ 500 ರೂಪಾಯಿ ಕೂಲಿ ಇದ್ರೆ 70% ಅಂದ್ರೆ 350 ಸಿಗುತ್ತೆ. ಹತ್ತು ದಿನ ಮಲಗಿದ್ರೆ ಮೊದಲೆರಡು ದಿನಕ್ಕೆ ಇಲ್ಲ, ಉಳಿದ ಎಂಟಕ್ಕೆ 2,800.

ಎಡವೋದು ಚೀಟಿಯಲ್ಲಿ. ನಮ್ಮ ತಮ್ಮ ಖಾಸಗಿ ಡಾಕ್ಟರ ಚೀಟಿ ತಂದ, ಕ್ಲೇಮ್ ನಿಂತೇ ಹೋಯ್ತು. ಇಎಸ್‌ಐ ಡಿಸ್ಪೆನ್ಸರಿ ಡಾಕ್ಟರ ಸರ್ಟಿಫಿಕೇಟೇ ಬೇಕು. ಜ್ವರ ಬಂದ ದಿನವೇ ಅಲ್ಲಿಗೆ ಹೋಗಿ. ಗುಣವಾದ ಮೇಲೆ ಫಿಟ್‌ನೆಸ್ ಚೀಟಿಯನ್ನೂ ಮರೀದೆ ತಗೊಳ್ಳಿ. ಆಮೇಲೆ ಫಾರ್ಮ್ 9 ತುಂಬಿ, ಬ್ಯಾಂಕ್ ಖಾತೆ ವಿವರದ ಜೊತೆ ಇಎಸ್‌ಐ ಬ್ರಾಂಚ್ ಆಫೀಸಿಗೆ ಕೊಡಿ.