ವೈಟಿಂಗ್ ಲೆಕ್ಕ: ನಾನು ರೌಂಡ್ ಮಾಡುವುದು ಕೊನೆಗೆ ಒಂದೇ ಸಲ

ಬದಿಯಡ್ಕದಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಕಾರು ಬಾಡಿಗೆ ಹೋಗುವ ನಮ್ಮಂಥ ಡ್ರೈವರುಗಳಿಗೆ ಗೊತ್ತೇ ಇದೆ, ಚರ್ಚೆ ಏಳುವುದು ಕಿಲೋಮೀಟರಿನ ಮೇಲಲ್ಲ, ವೈಟಿಂಗಿನ ಮೇಲೆ. ನಾವು ಕೆಲವರು ಮೊದಲೇ ಮಾತಾಡಿಕೊಳ್ಳುತ್ತಿದ್ದದ್ದು ಗಂಟೆಗೆ 100 ರೂಪಾಯಿ. ಐದು ನಿಮಿಷ ದಾಟಿದರೂ ಮುಂದಿನ ಗಂಟೆ ಪೂರ್ತಿ, ಅದೂ ನಿಲ್ಲಿಸಿದಲ್ಲೆಲ್ಲ ಬೇರೆ ಬೇರೆ.

ಒಂದು ಬಾಡಿಗೆ ನೋಡಿ. ಡಾಕ್ಟರ ಹತ್ತಿರ 70 ನಿಮಿಷ, ಸ್ಕ್ಯಾನಿಂಗಿಗೆ 25, ವಾಪಸ್ ಬರುವಾಗ ಬಟ್ಟೆ ಅಂಗಡಿಯಲ್ಲಿ 40. ಹಳೆ ಲೆಕ್ಕದಲ್ಲಿ 2, 1, 1 ಸೇರಿ 4 ಗಂಟೆ, 400 ರೂಪಾಯಿ. ನಾನು ನಿಜಕ್ಕೂ ಕಾದದ್ದು ಎರಡೂಕಾಲು ಗಂಟೆ. ಹೀಗೆ ಏರಿಸಿದರೆ ಒಂದೊಂದು ಕಡೆ ಸರಾಸರಿ ಅರ್ಧ ಗಂಟೆ ಸುಮ್ನೆ ಸೇರುತ್ತದೆ. ಜನ ವಾಚ್ ನೋಡುವುದಿಲ್ಲ ಅಂದುಕೊಳ್ಳಬೇಡಿ.

ಮೊದಲು ನಿಮಿಷದ ಲೆಕ್ಕ ಮಾಡಿದೆ. 225 ಅಂದರೆ 200 ಕೊಟ್ಟು ಹೋಗುತ್ತಿದ್ದರು. ಆಮೇಲೆ ಅರ್ಧಕ್ಕಿಂತ ಕಮ್ಮಿಯಾದರೆ ಬಿಡುವುದು, ಜಾಸ್ತಿಯಾದರೆ ಪೂರ್ತಿ ಗಂಟೆ. ಅದು ಇನ್ನೂ ಕಷ್ಟ. 29 ನಿಮಿಷಕ್ಕೆ ಬಂದವರಿಗೆ ಫ್ರೀ, 31ಕ್ಕೆ ಬಂದವರಿಗೆ ನೂರು ರೂಪಾಯಿ! ಲಿಫ್ಟ್ ತಡವಾಯಿತು ಅಂತ ವಾದ ಶುರು.

ಈಗ ಎಲ್ಲಾ ನಿಮಿಷ ಕೂಡಿಸಿ, ಅದರಲ್ಲಿ 15 ಬಿಟ್ಟು, ಉಳಿದದ್ದನ್ನು ಅರ್ಧ ಗಂಟೆಗೆ ಒಂದೇ ಸಲ ಏರಿಸುತ್ತೇನೆ. ಅರ್ಧ ಗಂಟೆಗೆ 60. ಫೋನಿನ ಶೀಟಿನಲ್ಲಿ B2 ಒಟ್ಟು ನಿಮಿಷ:

```
=CEILING(MAX(0,B2-15),30)/30*60
```

135ರಲ್ಲಿ 15 ಹೋದರೆ 120, ಅಂದರೆ 240 ರೂಪಾಯಿ. "ನೂರಾ ಅರವತ್ತು ಕೈಬಿಟ್ಟಿಯಲ್ಲ ಮಾರಾಯ" ಅಂತ ಸ್ಟ್ಯಾಂಡಿನಲ್ಲಿ ನಕ್ಕರು. ಆದರೆ ಮದುವೆ ಬಾಡಿಗೆ ತೆಗೆದುಕೊಳ್ಳಿ, ಒಂದೇ ಕಡೆ 6 ಗಂಟೆ 5 ನಿಮಿಷ. ಹಳೆಯದು 700, ನನ್ನದು 720. ಚೂರುಚೂರು ಕಾಯುವಲ್ಲಿ ಹೋದದ್ದು ಉದ್ದ ಕಾಯುವಲ್ಲಿ ಸ್ವಲ್ಪ ಸ್ವಲ್ಪವೇ ಬರುತ್ತದೆ. ಡಯಾಲಿಸಿಸಿನವರು ಈಗ ನನ್ನನ್ನೇ ಕರೆಯುತ್ತಾರೆ. ನಕ್ಕವರಲ್ಲೇ ಇಬ್ಬರು ಶೀಟ್ ಕೇಳಿಕೊಂಡು ಬಂದರು. ಆ 15 ನಿಮಿಷವನ್ನು ಯಾವಾಗಲೂ ಕಳೆಯಬೇಕು. 16ನೇ ನಿಮಿಷಕ್ಕೆ ಮೊದಲಿನಿಂದ ಎಣಿಸಿದರೆ ಹಳೇ ಜಗಳವೇ.

ಪಾರ್ಕಿಂಗಿನಲ್ಲೂ ಒಂದು ಪ್ರಯೋಗ ಮಾಡಿದೆ. ಮೊದಲ ಎರಡು ಗಂಟೆಗೆ 30, ಆಮೇಲೆ ಗಂಟೆಗೆ ಸುಮಾರು 20 ಇರುವ ಜಾಗದಲ್ಲಿ ಎರಡು ಗಂಟೆ ತುಂಬುವ ಮೊದಲೇ ಹೊರಗೆ ಹೋಗಿ ಮತ್ತೆ ಒಳಗೆ ಬಂದೆ. ಹೊಸ ಚೀಟಿಗೆ ಮತ್ತೆ 30! ಇನ್ನೊಂದು ಗಂಟೆ ಮಾತ್ರ ನಿಲ್ಲುವುದಾದರೆ ಅಲ್ಲೇ ಇದ್ದದ್ದೇ ಲಾಭ. ಅಲ್ಲಿ ಸಮಯ ನಿಲ್ಲುವುದು ಗೇಟಿನಲ್ಲಿ, ಕಾರಿನ ಹತ್ತಿರ ಅಲ್ಲ. ಮಧ್ಯಾಹ್ನದ ಸಾಲಿಗೆ ಹತ್ತು ನಿಮಿಷ ಇಟ್ಟುಕೊಂಡೇ ನಾನು ಹೊರಡುತ್ತೇನೆ.

ಕಾಯುವ ಹೊತ್ತು ಎಲ್ಲಿಂದ ಶುರು ಅಂತ ಹೊರಡುವಾಗಲೇ ಹೇಳಿಬಿಡಿ. ನಾನು ಬಾಗಿಲು ಹಾಕಿದ ಕೂಡಲೇ ಅವರಿಗೇ ವಾಟ್ಸಾಪಿನಲ್ಲಿ ಒಂದು ಚುಕ್ಕಿ ಕಳಿಸುತ್ತೇನೆ. ಸಮಯ ಇಬ್ಬರ ಫೋನಿನಲ್ಲೂ ಉಳಿಯುತ್ತದೆ. ರಾತ್ರಿ ಬಾಡಿಗೆಗೆ ನನ್ನ ಲೆಕ್ಕ ಬೇರೆ, ಅದನ್ನು ಇಲ್ಲಿ ಹೇಳುವುದಿಲ್ಲ.