ಸಿಎಸ್‌ಎಂ ಮತ್ತು ಪಿಎಸ್‌ಎಂ: ಎರಡನ್ನೂ ಮಾಡಿದವನು, ಈಗ ಇಂಟರ್ವ್ಯೂ ಮಾಡುವವನಾಗಿ ಕಂಡದ್ದು

ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಸ್ಟಿಂಗ್ ಕೆಲಸದಿಂದ ಸ್ಕ್ರಮ್ ಮಾಸ್ಟರ್ ಕೆಲಸಕ್ಕೆ ಬಂದವನು. ಸ್ಕ್ರಮ್ ಅಂದರೆ ಟೀಮಿನ ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗಳಲ್ಲಿ ಮಾಡುವ ಒಂದು ವಿಧಾನ, ಅದು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವನು ಸ್ಕ್ರಮ್ ಮಾಸ್ಟರ್. ಸಿಎಸ್‌ಎಂ, ಪಿಎಸ್‌ಎಂ ಎರಡೂ ಆ ಕೆಲಸದ ಸರ್ಟಿಫಿಕೇಟುಗಳು. ಮೊದಲು ಮಾಡಿಕೊಂಡದ್ದು ಪಿಎಸ್‌ಎಂ ಒಂದನೇ ಹಂತ. ಕಾರಣ ಸರಳ, ಅದಕ್ಕೆ ಕ್ಲಾಸಿಗೆ ಹೋಗಲೇಬೇಕು ಅಂತಿಲ್ಲ. ಸ್ಕ್ರಮ್ ಡಾಟ್ ಆರ್ಗ್‌ಗೆ ಫೀಸ್ ಕಟ್ಟಿ, ಮನೆಯಲ್ಲೇ ಕೂತು ಪರೀಕ್ಷೆ ಬರೆಯಬಹುದು. ನಾನು ಕಟ್ಟಿದಾಗ 150 ಡಾಲರ್ ಇತ್ತು, ಈಗಿನ ದರ ಅವರ ತಾಣದಲ್ಲೇ ನೋಡಿಕೊಳ್ಳಿ. 60 ನಿಮಿಷಕ್ಕೆ 80 ಪ್ರಶ್ನೆ, ಪಾಸಾಗಲು ಶೇ. 85, ಅಂದರೆ 68 ಸರಿ ಬರಬೇಕು. ಒಂದು ಪ್ರಶ್ನೆಗೆ 45 ಸೆಕೆಂಡ್ ಮಾತ್ರ ಸಿಗುವುದರಿಂದ ಪುಸ್ತಕ ತೆರೆದು ಹುಡುಕುತ್ತಾ ಕೂರಲು ಆಗುವುದಿಲ್ಲ.

ಓದಬೇಕಾದದ್ದು ಮುಖ್ಯವಾಗಿ 2020ರ ಸ್ಕ್ರಮ್ ಗೈಡ್. ಅದು ಸ್ಕ್ರಮ್ ನಿಯಮಗಳ ಕೈಪಿಡಿ, ಉಚಿತ, ಪುಟಗಳೂ ಕಡಿಮೆ. ಆದರೆ ಆಫೀಸಿನ ರೂಢಿ ತಲೆಯಲ್ಲಿಟ್ಟುಕೊಂಡು ಉತ್ತರ ಬರೆದರೆ ಅಂಕ ಹೋಗುತ್ತದೆ. ನಮ್ಮಲ್ಲಿ ಬೆಳಗಿನ ಡೈಲಿ ಸ್ಕ್ರಮ್‌ನಲ್ಲಿ ಮ್ಯಾನೇಜರ್ ಒಬ್ಬೊಬ್ಬರನ್ನೇ 'ನಿನ್ನೆ ಏನು ಮಾಡಿದ್ರಿ' ಅಂತ ಕೇಳುತ್ತಿದ್ದರು. ಗೈಡ್ ಪ್ರಕಾರ ಆ 15 ನಿಮಿಷ ಡೆವಲಪರ್‌ಗಳದ್ದು. ಹೇಗೆ ನಡೆಸಬೇಕು ಅನ್ನುವುದೂ ಅವರಿಗೇ ಬಿಟ್ಟದ್ದು. ಅದಕ್ಕೇ ನಾನು ಗೈಡ್‌ನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ನಮ್ಮ ಆಫೀಸಿನಲ್ಲಿ ಬೇರೆ ರೀತಿ ನಡೆಯುವುದನ್ನೆಲ್ಲ ಬರೆದಿಟ್ಟೆ. ಆಮೇಲೆ ಸ್ಕ್ರಮ್ ಓಪನ್ ಅನ್ನುವ ಉಚಿತ ಅಭ್ಯಾಸ ಪರೀಕ್ಷೆಯನ್ನು ತಪ್ಪಿಲ್ಲದೆ ಮುಗಿಸುವವರೆಗೂ ಬರೆಯುತ್ತಿದ್ದೆ. ಪರೀಕ್ಷೆಯಲ್ಲಿ ನೆರವಾದದ್ದು ಆ ನೋಟ್‌ಬುಕ್ಕೇ.

ಸಿಎಸ್‌ಎಂ ಆಮೇಲೆ ಕಂಪನಿ ದುಡ್ಡಿನಲ್ಲಿ ಆಯಿತು. ಅದು ಸ್ಕ್ರಮ್ ಅಲಯನ್ಸ್‌ನದ್ದು. ಅವರು ಒಪ್ಪಿದ ಟ್ರೈನರ್ ಹತ್ತಿರ ಕ್ಲಾಸು ಕಡ್ಡಾಯ, ಸಾಮಾನ್ಯವಾಗಿ ಎರಡು ದಿನ. ನಾನು ಆನ್‌ಲೈನ್‌ನಲ್ಲಿ ಕೂತೆ. ಪರೀಕ್ಷೆಯಲ್ಲಿ 50 ಪ್ರಶ್ನೆ, 37 ಸರಿಯಾದರೆ ಪಾಸು. ಕ್ಲಾಸಿನಲ್ಲಿ ಗಮನ ಕೊಟ್ಟವರಿಗೆ ಅದು ಕಷ್ಟವಲ್ಲ. ಕ್ಲಾಸಿನ ನಿಜವಾದ ಬೆಲೆ ಬೇರೆ ಕಂಪನಿಯವರ ಜೊತೆ ನಡೆಯುವ ಮಾತಿನಲ್ಲಿದೆ. ಪ್ರಾಡಕ್ಟ್ ಓನರ್, ಅಂದರೆ ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವವರು, ಮೀಟಿಂಗಿಗೇ ಬರದಿದ್ದರೆ ಏನು ಮಾಡುವುದು, ಇಂಥ ಪ್ರಶ್ನೆಗೆ ಗೈಡ್‌ನಲ್ಲಿ ನೇರ ಉತ್ತರ ಸಿಗುವುದಿಲ್ಲ. ಟ್ರೈನರ್ ಒಳ್ಳೆಯವರಾಗಿದ್ದರೆ ಎರಡು ದಿನ ಸಾರ್ಥಕ, ಇಲ್ಲದಿದ್ದರೆ ಬರೀ ಸ್ಲೈಡು. ಹಾಗಾಗಿ ಫೀಸಿಗಿಂತ ಮೊದಲು ಟ್ರೈನರ್ ಯಾರು ಅಂತ ವಿಚಾರಿಸಿ. ಇನ್ನೊಂದು ವಿಷಯ, ಸಿಎಸ್‌ಎಂಗೆ ಎರಡು ವರ್ಷಕ್ಕೊಮ್ಮೆ ನವೀಕರಣ ಇದೆ, ದುಡ್ಡೂ ಹೋಗುತ್ತದೆ. ಪಿಎಸ್‌ಎಂಗೆ ಅವಧಿ ಮುಗಿಯುವುದು ಅಂತ ಇಲ್ಲ.

ಈಗ ನಮ್ಮ ಟೀಮಿಗೆ ಜನ ತೆಗೆದುಕೊಳ್ಳುವ ಇಂಟರ್ವ್ಯೂಗಳಲ್ಲಿ ನಾನೂ ಕೂರುತ್ತೇನೆ. ಎಚ್‌ಆರ್ ಹಂತದಲ್ಲಿ ಅವರು ನೋಡುವುದು ಹೆಸರು ಮಾತ್ರ. ಕ್ಲೈಂಟ್ ಪಟ್ಟಿಯಲ್ಲಿ 'ಸಿಎಸ್‌ಎಂ ಅಥವಾ ಅದಕ್ಕೆ ಸಮಾನವಾದದ್ದು' ಅಂತ ಇದ್ದರೆ ಸಿಎಸ್‌ಎಂ ಬೇಗ ಕಣ್ಣಿಗೆ ಬೀಳುತ್ತದೆ, ಪಿಎಸ್‌ಎಂ ಅಂದರೇನು ಅಂತ ಕೆಲವರಿಗೆ ವಿವರಿಸಬೇಕಾಗುತ್ತದೆ. ವಿಷಯ ಗೊತ್ತಿರುವ ಮ್ಯಾನೇಜರ್‌ಗಳ ಲೆಕ್ಕ ಬೇರೆ. ಸಿಎಸ್‌ಎಂ ಕಂಡರೆ 'ಕ್ಲಾಸಿಗೆ ಕೂತಿದ್ದಾರೆ' ಅಂದುಕೊಳ್ಳುತ್ತಾರೆ. ಪಿಎಸ್‌ಎಂ ಒಂದನೇ ಹಂತ ಕಂಡರೆ 'ಗೈಡ್ ಓದಿದ್ದಾರೆ' ಅಂದುಕೊಳ್ಳುತ್ತಾರೆ, ಆದರೆ ಪರೀಕ್ಷೆಗೆ ಕಾವಲು ಇಲ್ಲದ್ದರಿಂದ ಪೂರ್ತಿ ನಂಬುವುದಿಲ್ಲ. ಎರಡನೇ ಹಂತ ಇದ್ದರೆ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಅದರ ಪ್ರಶ್ನೆಗಳು ಕೆಲಸದ ಸಂದರ್ಭದಿಂದ ಬರುತ್ತವೆ, ಉರು ಹೊಡೆದು ಹೋದರೆ ನಡೆಯುವುದಿಲ್ಲ.

ನಾನು ಕೇಳುವ ಒಂದು ಪ್ರಶ್ನೆ ಹೀಗಿದೆ. ಸ್ಪ್ರಿಂಟ್, ಅಂದರೆ ಟೀಮು ಒಂದು ಗುರಿ ಇಟ್ಟುಕೊಂಡು ಕೆಲಸ ಮಾಡುವ ನಿಗದಿತ ಅವಧಿ, ಅರ್ಧ ಆಗಿದೆ, ಕ್ಲೈಂಟ್ ಹೊಸದೊಂದು ಪೇಮೆಂಟ್ ಸ್ಕ್ರೀನ್ ಈಗಲೇ ಬೇಕು ಅಂತಾನೆ. ಏನು ಮಾಡ್ತೀರಿ? 'ಮುಂದಿನ ಸ್ಪ್ರಿಂಟ್‌ಗೆ ಹಾಕ್ತೇನೆ, ನಡುವೆ ಏನೂ ಬದಲಿಸಬಾರದು' ಅನ್ನುವ ಉತ್ತರ ಎರಡೂ ಸರ್ಟಿಫಿಕೇಟ್ ಇರುವವರಿಂದ ಬರುತ್ತದೆ. ಗೈಡ್ ಹಾಗೆ ಹೇಳುವುದಿಲ್ಲ. ಸ್ಪ್ರಿಂಟ್ ಗೋಲ್‌ಗೆ ಧಕ್ಕೆ ಬರುವ ಬದಲಾವಣೆ ಮಾಡಬಾರದು ಅಷ್ಟೇ. ಉಳಿದ ಕೆಲಸ ಎಷ್ಟು, ಯಾವುದು ಸೇರಬೇಕು, ಯಾವುದು ಬಿಡಬೇಕು ಅಂತ ಪ್ರಾಡಕ್ಟ್ ಓನರ್ ಜೊತೆ ಮಾತಾಡಿ ತೀರ್ಮಾನಿಸಬಹುದು. ಗೋಲ್‌ಗೇ ಅರ್ಥ ಉಳಿದಿಲ್ಲ ಅಂದರೆ ಸ್ಪ್ರಿಂಟ್ ನಿಲ್ಲಿಸುವ ಅಧಿಕಾರ ಪ್ರಾಡಕ್ಟ್ ಓನರ್‌ಗೆ ಮಾತ್ರ. ಉಡುಪಿಯಿಂದ ಬಂದಿದ್ದ ಹುಡುಗಿಯೊಬ್ಬಳು, ಕೈಯಲ್ಲಿ ಬರೀ ಪಿಎಸ್‌ಎಂ, 'ಸರ್, ಮೊದಲು ಈ ಸ್ಪ್ರಿಂಟ್ ಗೋಲ್ ಏನಿತ್ತು ಹೇಳಿ' ಅಂತ ತಿರುಗಿ ಕೇಳಿದಳು. ಅವಳನ್ನೇ ತೆಗೆದುಕೊಂಡೆವು.

ಸ್ವಂತ ದುಡ್ಡಾದರೆ ಪಿಎಸ್‌ಎಂ ಒಂದನೇ ಹಂತದಿಂದ ಶುರು ಮಾಡಿ ಅಂತ ಕೇಳಿದವರಿಗೆ ಹೇಳುತ್ತೇನೆ. ಕಂಪನಿ ಕೊಡುತ್ತದೆ, ಅಥವಾ ನೀವು ಹಾಕುವ ಕೆಲಸದ ಜಾಹೀರಾತುಗಳಲ್ಲಿ ಸಿಎಸ್‌ಎಂ ಅಂತಲೇ ಬರೆದಿದೆ ಅಂದರೆ ಅದನ್ನೇ ಮಾಡಿ. ಯಾವುದನ್ನೇ ಮಾಡಿದರೂ ರೆಸ್ಯೂಮೆಯಲ್ಲಿ ಸರ್ಟಿಫಿಕೇಟಿನ ಲಿಂಕ್ ಹಾಕುವುದನ್ನು ಮರೆಯಬೇಡಿ. ನಾವು ಇಂಟರ್ವ್ಯೂಗೆ ಮೊದಲು ಅದನ್ನು ತೆರೆದು ನೋಡುತ್ತೇವೆ.